ಅಪ್ಪನ ಮುಖದ ಮೇಲಿನ ಗರಿಗರಿ: ಫೋನ್ ಕೆಡಿಸಿದ ಫೋಟೋ ಸರಿಮಾಡೋದು

ನಾನು ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಟೆಸ್ಟಿಂಗ್ ಕೆಲಸದಲ್ಲಿದ್ದೀನಿ. ಫೋಟೋಗ್ರಫಿ ನನ್ನ ವೃತ್ತಿ ಅಲ್ಲ, ಶನಿವಾರ ಭಾನುವಾರದ ಹುಚ್ಚು. ಇವತ್ತು ಒಂದೇ ಒಂದು ಫೋಟೋದ ಕತೆ ಹೇಳ್ತೀನಿ. ಅದನ್ನು ಹೇಗೆ ಸರಿ ಮಾಡಿದೆ ಅಂತ ಹಂತ ಹಂತವಾಗಿ ಹೇಳ್ತೀನಿ. ನಿಮ್ಮೆಲ್ಲರ ಫೋನಲ್ಲೂ ಇಂಥದ್ದೊಂದು ಫೋಟೋ ಖಂಡಿತ ಇರುತ್ತೆ.

ನಮ್ಮಪ್ಪ ಹೋದ ವರ್ಷ ತೀರಿಕೊಂಡರು. ವರ್ಷಾಬ್ದಿಕಕ್ಕೆ ಒಂದು ಫೋಟೋ ಪ್ರಿಂಟ್ ಹಾಕಿಸಿ ಚೌಕಟ್ಟು ಕಟ್ಟಿಸಬೇಕಿತ್ತು. ಹುಡುಕಿದರೆ, ಅಪ್ಪ ಒಬ್ಬರೇ ಇರೋ, ನೇರವಾಗಿ ನೋಡ್ತಿರೋ ಫೋಟೋ ಅಂತ ಸಿಕ್ಕಿದ್ದು ಒಂದೇ. ಊರಿನ ಮನೆ ಜಗಲಿ ಮೇಲೆ ಕಪ್ಪು ಶಾಲು ಹೊದ್ದು ಕೂತಿದ್ದಾರೆ, ಹಿಂದೆ ಸಂಜೆ ಆಕಾಶ. ನಾನೇ ಫೋನಲ್ಲಿ ತೆಗೆದದ್ದು. ಅದನ್ನ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದು ನಿಮ್ಮಪ್ಪನ ಮುಖ ಅಲ್ವೋ. ಅವರಿಗೆ ಇಷ್ಟು ಸುಕ್ಕು ಎಲ್ಲಿತ್ತು? ಕಾಯಿಲೆಯವರ ಥರ ಕಾಣ್ತಾರೆ" ಅಂದ್ರು.

ಅಮ್ಮ ಹೇಳಿದ್ದು ಸರಿ. ಕೆನ್ನೆ ಮೇಲಿನ ಒಂದೊಂದು ರಂಧ್ರವೂ ಕೆತ್ತಿದ ಹಾಗೆ, ಹುರಿದ ಹಪ್ಪಳದ ಮೈ ಹಾಗೆ ಗರಿಗರಿ. ತಲೆ ಸುತ್ತ, ಭುಜದ ಸುತ್ತ ಒಂದು ಬೆಳ್ಳನೆ ಗೆರೆ, ದೇವರ ಹಿಂದಿನ ಪ್ರಭಾವಳಿ ಥರ. ಇದಕ್ಕೆ ಹೇಲೋ ಅಂತಾರೆ.

ಇದು ಯಾಕೆ ಆಗುತ್ತೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಫೋನಿನ ಸೆನ್ಸರ್ ಚಿಕ್ಕದು. ಬೆಳಕು ಕಡಿಮೆ ಇದ್ದಾಗ ಚಿತ್ರದಲ್ಲಿ ಸಣ್ಣ ಸಣ್ಣ ಚುಕ್ಕಿ, ಅಂದ್ರೆ ನಾಯ್ಸ್ ಬರುತ್ತೆ. ಫೋನು ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು ಸೇರಿಸಿ ಆ ಚುಕ್ಕಿಗಳನ್ನ ಒರೆಸುತ್ತೆ. ಒರೆಸುವಾಗ ಚರ್ಮದ ಅತಿ ನವಿರಾದ ವಿವರವೂ ಅಳಿಸಿಹೋಗುತ್ತೆ. ಆಮೇಲೆ ಚಿತ್ರ ಮಂಕಾಗಿ ಕಾಣಬಾರದು ಅಂತ ಉಳಿದದ್ದನ್ನ ಜೋರಾಗಿ ಶಾರ್ಪ್ ಮಾಡುತ್ತೆ. ಹಾಗಾಗಿ ಅತಿ ಸಣ್ಣ ವಿವರ ಇಲ್ಲ, ಅದಕ್ಕಿಂತ ಸ್ವಲ್ಪ ದಪ್ಪನೆಯದು ಮಾತ್ರ ಎರಡು ಪಟ್ಟು. ಗರಿಗರಿ ಅನ್ನಿಸೋದು ಇದೇ.

ಹೇಲೋದಲ್ಲಿ ಎರಡು ಜಾತಿ. ಮೂರ್ನಾಲ್ಕು ಪಿಕ್ಸೆಲ್ ಅಗಲದ ತೆಳು ಗೆರೆ ಶಾರ್ಪನಿಂಗ್‌ನಿಂದ ಬರೋದು. ಕಪ್ಪು ಶಾಲು ಆಕಾಶಕ್ಕೆ ತಾಗೋ ಕಡೆ, ಆಕಾಶದ ಅಂಚನ್ನ ಇನ್ನೂ ಬೆಳ್ಳಗೆ ಮಾಡಿಬಿಡುತ್ತೆ. ಇನ್ನೊಂದು ಅಗಲವಾದದ್ದು, ನೂರು ಪಿಕ್ಸೆಲ್‌ವರೆಗೆ ಮಂಜಿನ ಹಾಗೆ ಹರಡಿರುತ್ತೆ. ಕತ್ತಲಲ್ಲಿರೋ ಮುಖವನ್ನ ಬೆಳಗಿಸಿ ಆಕಾಶವನ್ನ ತಗ್ಗಿಸುವಾಗ ಗಡಿ ಸರಿಯಾಗಿ ಸಿಗದೆ, ಮುಖದ ಬೆಳಕು ಆಕಾಶಕ್ಕೂ ಸೋರುತ್ತೆ. ಎರಡಕ್ಕೂ ಮದ್ದು ಬೇರೆ ಬೇರೆ.

ನಾನು ಮೊದಲು ಮಾಡಿದ ತಪ್ಪು ಹೇಳಿಬಿಡ್ತೀನಿ. ಮುಖವನ್ನ ಬ್ಲರ್ ಮಾಡಿದೆ. ಮೇಣದ ಗೊಂಬೆ ಆಯ್ತು. ಯಾಕೆ ಅಂದ್ರೆ ಬ್ಲರ್ ಎಲ್ಲ ಗಾತ್ರದ ವಿವರವನ್ನೂ ಒಟ್ಟಿಗೆ ಒರೆಸುತ್ತೆ. ನಮಗೆ ಬೇಕಾಗಿರೋದು ಫೋನು ಎಷ್ಟು ಕೂಡಿಸಿದೆಯೋ ಅಷ್ಟನ್ನ, ಅದು ಕೂಡಿಸಿದ ಗಾತ್ರದಲ್ಲಿ ಮಾತ್ರ ಕಳೆಯೋದು.

ಅದಕ್ಕೆ GIMP ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಒಂದು ಒಳ್ಳೆ ದಾರಿ ಇದೆ. ಶುರು ಮಾಡೋ ಮುಂಚೆ, ಫೋನಲ್ಲಿರೋ ಮೂಲ ಫೈಲನ್ನೇ ತಗೊಳ್ಳಿ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿಕೊಂಡ ಪ್ರತಿ ಬೇಡ, ಅದು ಚಿಕ್ಕದಾಗಿ, ಇನ್ನಷ್ಟು ಹಿಂಡಿಸಿಕೊಂಡು ಬಂದಿರುತ್ತೆ. ನನ್ನ ಫೈಲು 3000×4000 ಪಿಕ್ಸೆಲ್ ಇತ್ತು, ಅಪ್ಪನ ಮುಖ ಗಲ್ಲದಿಂದ ಹಣೆವರೆಗೆ ಸುಮಾರು 900 ಪಿಕ್ಸೆಲ್. ತೆರೆದ ಮೇಲೆ Image > Precision ಒಳಗೆ 16 ಬಿಟ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಆಮೇಲೆ ಆಕಾಶದಲ್ಲಿ ಪಟ್ಟಿ ಪಟ್ಟಿ ಕಾಣಬಹುದು.

ಈಗ Filters > Enhance > Wavelet Decompose. ಹೆಸರು ಕೇಳಿ ಹೆದರಬೇಡಿ. ಇದು ಜರಡಿ. ಬೇರೆ ಬೇರೆ ಕಣ್ಣಿನ ಐದು ಜರಡಿಗಳನ್ನ ಒಂದರ ಕೆಳಗೊಂದು ಇಟ್ಟು ಹಿಟ್ಟು ಸುರಿದ ಹಾಗೆ. ಮೊದಲ ಪದರದಲ್ಲಿ ಅತಿ ನವಿರಾದ ವಿವರ, ಎರಡನೆಯದರಲ್ಲಿ ಅದರ ದುಪ್ಪಟ್ಟು ಗಾತ್ರದ್ದು, ಹೀಗೆ ಹೋಗುತ್ತೆ. ಕೊನೆಗೆ ಉಳಿಯೋದು Residual, ಅದರಲ್ಲಿ ಬರೀ ಬಣ್ಣ ಮತ್ತು ನೆರಳು. ಎಲ್ಲವೂ ಪೂರ್ತಿ ಇದ್ದರೆ ಮೂಲ ಚಿತ್ರವೇ ಕಾಣುತ್ತೆ. ಯಾವ ಪದರದ Opacity ಇಳಿಸ್ತೀರೋ ಆ ಗಾತ್ರದ ವಿವರ ಮಾತ್ರ ತಗ್ಗುತ್ತೆ.

ಯಾವುದನ್ನ ಇಳಿಸಬೇಕು? ಚಿತ್ರವನ್ನ 100% ಝೂಮಲ್ಲಿ ಇಟ್ಟು, ಒಂದೊಂದೇ ಪದರದ ಕಣ್ಣಿನ ಗುರುತನ್ನ ಆರಿಸಿ ಹೊತ್ತಿಸಿ ನೋಡಿ. ಯಾವುದು ಆರಿದಾಗ ಕೆನ್ನೆ ನಿಟ್ಟುಸಿರು ಬಿಟ್ಟ ಹಾಗೆ ಶಾಂತವಾಗುತ್ತೋ ಅಲ್ಲಿದೆ ರೋಗ. ನನ್ನ ಫೋಟೋದಲ್ಲಿ ಮೊದಲ ಪದರ ಆರಿಸಿದರೆ ಹೆಚ್ಚೇನೂ ಬದಲಾಗಲಿಲ್ಲ, ಯಾಕಂದ್ರೆ ಅಷ್ಟು ಸಣ್ಣ ವಿವರವನ್ನ ಫೋನು ಮೊದಲೇ ಒರೆಸಿತ್ತು. ರೋಗ ಇದ್ದದ್ದು ಎರಡು ಮತ್ತು ಮೂರರಲ್ಲಿ. ಎರಡನೆಯದನ್ನ 55ಕ್ಕೆ, ಮೂರನೆಯದನ್ನ 60ಕ್ಕೆ, ನಾಲ್ಕನೆಯದನ್ನ 85ಕ್ಕೆ ಇಳಿಸಿದೆ. ಉಳಿದದ್ದು ಮುಟ್ಟಲಿಲ್ಲ. ನಿಮ್ಮ ಫೋಟೋದಲ್ಲಿ ಮುಖ ಇದರ ಎರಡು ಪಟ್ಟು ದೊಡ್ಡದಿದ್ದರೆ ರೋಗ ಒಂದು ಪದರ ಕೆಳಗೆ ಇರಬಹುದು. ಅದಕ್ಕೇ ನನ್ನ ಸಂಖ್ಯೆಗಳನ್ನ ಹಾಗೇ ನಕಲು ಹೊಡೀಬೇಡಿ, ಆರಿಸಿ ಹೊತ್ತಿಸಿ ನೋಡಿ.

ಆದರೆ ಇದು ಇಡೀ ಚಿತ್ರಕ್ಕೆ ಆಗಬಾರದು. ಕಣ್ಣು, ಹುಬ್ಬು, ಮೀಸೆ, ತುಟಿಯ ಅಂಚು, ಕನ್ನಡಕದ ಫ್ರೇಮು ಚೂಪಾಗೇ ಇರಬೇಕು. ಮೂಲ ಪದರ ಕೆಳಗೆ ಇದೆ ಅಂತ ನೋಡಿಕೊಂಡು, ಮೇಲಿನ ಇಡೀ ಗುಂಪಿಗೆ ಕಪ್ಪು ಮಾಸ್ಕ್ ಹಾಕಿ. ಎಲ್ಲ ಮೊದಲಿನ ಹಾಗೇ ಕಾಣುತ್ತೆ. ಆಮೇಲೆ ಮೆದು ಅಂಚಿನ ಬ್ರಷ್ ತಗೊಂಡು, ಬಿಳಿ ಬಣ್ಣದಲ್ಲಿ ಕೆನ್ನೆ, ಹಣೆ, ಕುತ್ತಿಗೆ ಮೇಲೆ ಮಾತ್ರ ಬಳಿಯಿರಿ. ಕುತ್ತಿಗೆ ಮತ್ತು ಕಿವಿ ಮರೀಬೇಡಿ. ಮುಖ ನಯ, ಕುತ್ತಿಗೆ ಗರಿಗರಿ ಆದರೆ ಬೇರೆಯವರ ತಲೆ ಅಂಟಿಸಿದ ಹಾಗೆ ಕಾಣುತ್ತೆ. (ನಗು)

ಈಗ ಹೇಲೋ. Layer > New from Visible ಅಂತ ಕೊಟ್ಟು ಇಲ್ಲಿವರೆಗಿನದ್ದರ ಹೊಸ ಪದರ ಮಾಡಿಕೊಳ್ಳಿ. ಮೊದಲು ಅಗಲದ ಮಂಜು. ಆ ಪದರದ ಇನ್ನೊಂದು ಪ್ರತಿ ಮಾಡಿ, Colors > Curves ಒಳಗೆ, ತಲೆಯಿಂದ ದೂರದ ಆಕಾಶ ಎಷ್ಟು ಕಪ್ಪಿದೆಯೋ ಮಂಜಿನ ಜಾಗ ಅಷ್ಟೇ ಕಪ್ಪಾಗೋವರೆಗೆ ಇಳಿಸಿ. ಅದಕ್ಕೂ ಕಪ್ಪು ಮಾಸ್ಕ್. 300 ಪಿಕ್ಸೆಲಿನ ಮೆದು ಬ್ರಷ್, 10% ಬಲ, ತಲೆ ಸುತ್ತ ನಿಧಾನವಾಗಿ ಐದಾರು ಸಲ. ಒಂದೇ ಸಲಕ್ಕೆ ಬಳಿದರೆ ಬೆಳಕಿನ ಬದಲು ಕಪ್ಪು ಪ್ರಭಾವಳಿ ಬರುತ್ತೆ. ಕಿವಿ, ಕೂದಲಿನ ಮೇಲೆ ಹರಿದರೆ ಕಪ್ಪು ಬಣ್ಣದಲ್ಲಿ ಅಳಿಸಿ.

ತೆಳು ಗೆರೆಗೆ ಕ್ಲೋನ್ ಟೂಲು. ಅದರ Mode ಅನ್ನ Darken only ಮಾಡಿ, Opacity 50. ಗೆರೆಯಿಂದ ಹತ್ತಿಪ್ಪತ್ತು ಪಿಕ್ಸೆಲ್ ಆಚೆಗಿನ ಶುದ್ಧ ಆಕಾಶವನ್ನ Ctrl ಒತ್ತಿ ಆರಿಸಿ, ಗೆರೆಯ ಮೇಲೆ ಎಳೆಯಿರಿ. ಇದರ ಚೆಂದ ಏನು ಅಂದ್ರೆ, ಆಕಾಶಕ್ಕಿಂತ ಬೆಳ್ಳಗಿರೋದು ಮಾತ್ರ ಬದಲಾಗುತ್ತೆ. ಶಾಲು ಆಕಾಶಕ್ಕಿಂತ ಕಪ್ಪು, ಕೈ ತಪ್ಪಿ ಅದರ ಮೇಲೆ ಹೋದರೂ ಏನೂ ಆಗಲ್ಲ. ಭುಜದ ಗೆರೆ ಎರಡು ನಿಮಿಷದಲ್ಲಿ ಹೋಯ್ತು.

ತಲೆ ಹತ್ತಿರ ಬಂದಾಗ ಎಡವಟ್ಟಾಯ್ತು. ಅಪ್ಪನ ಕೂದಲು ಬಿಳಿ. ಆಕಾಶಕ್ಕಿಂತ ಬಿಳಿ. ಗೆರೆಯ ಜೊತೆ ಕಿವಿ ಮೇಲಿನ ಕೂದಲೂ ಮಾಯವಾಯ್ತು, ಕ್ಷೌರ ಮಾಡಿಸಿಕೊಂಡು ಬಂದ ಹಾಗೆ. ವಾಪಸ್ ಬಂದೆ. ಅಲ್ಲಿ ಬ್ರಷ್ಷನ್ನ 6 ಪಿಕ್ಸೆಲಿಗೆ, ಬಲವನ್ನ 15ಕ್ಕೆ ಇಳಿಸಿ, ಎಳೆ ಎಳೆಯಾಗಿ ಕಾಣೋ ಕೂದಲನ್ನ ಬಿಟ್ಟು ನಡುವಿನ ಜಾಗ ಮಾತ್ರ ಮುಟ್ಟಿದೆ. ಅರ್ಧ ಗೆರೆ ಇನ್ನೂ ಉಳಿದಿದೆ. ಉಳೀಲಿ. ಬಿಳಿ ಕೂದಲಿಗೂ ಬಿಳಿ ಹೇಲೋಗೂ ವ್ಯತ್ಯಾಸ ತಿಳಿಯದ ಕಡೆ ಕೈ ನಿಲ್ಲಿಸೋದೇ ಸರಿ.

ಇಷ್ಟಾದ ಮೇಲೆ ಚರ್ಮ ನಯ, ಶಾಲು ಒರಟು ಅನ್ನೋ ಬೇರೆ ಬೇರೆತನ ಸ್ವಲ್ಪ ಉಳಿಯುತ್ತೆ. Filters > Noise > RGB Noise ಒಳಗೆ Independent RGB ಗುರುತು ತೆಗೆದು, 0.03ರಷ್ಟು ಸಣ್ಣ ಪ್ರಮಾಣ ಹಾಕಿ. ಹಳೆ ಫಿಲ್ಮಿನ ಕಣ ಇದ್ದ ಹಾಗೆ ಎಲ್ಲವನ್ನೂ ಒಂದೇ ಕಾಗದಕ್ಕೆ ತರುತ್ತೆ. ಕಣ ಅಂತ ಕಣ್ಣಿಗೆ ಬಿದ್ದರೆ ಹೆಚ್ಚಾಯ್ತು ಅಂತ.

ಪ್ರಿಂಟಿಗೆ 8×12 ಇಂಚು ಆರಿಸಿದೆ. ಅಂದ್ರೆ 300 ಡಿಪಿಐ ಲೆಕ್ಕದಲ್ಲಿ 2400×3600 ಪಿಕ್ಸೆಲ್. ನನ್ನ ಫೈಲು ಅದಕ್ಕಿಂತ ದೊಡ್ಡದು, ಚಿಕ್ಕದು ಮಾಡುವಾಗ ಉಳಿದ ಗರಿಗರಿಯೂ ಸ್ವಲ್ಪ ಕರಗಿತು. ಮ್ಯಾಟ್ ಕಾಗದ ಹೇಳಿದೆ. ಲ್ಯಾಬಿನವರಿಗೆ "ಕರೆಕ್ಷನ್ ಹಾಕಬೇಡಿ, ಶಾರ್ಪ್ ಮಾಡಬೇಡಿ" ಅಂತ ಎರಡು ಸಲ ಹೇಳಿದೆ. ಇಲ್ಲಾಂದ್ರೆ ನಾವು ಕಳೆದದ್ದನ್ನ ಅವರ ಮೆಷಿನ್ನು ಮತ್ತೆ ಕೂಡಿಸಿಬಿಡುತ್ತೆ.

ಇಲ್ಲಿ ಒಂದು ಪ್ರಶ್ನೆ ಬಂದಿದೆ, "ಲ್ಯಾಪ್‌ಟಾಪ್ ಇಲ್ಲದೆ ಫೋನಲ್ಲೇ ಆಗಲ್ವಾ ಸಾರ್?" ಅಂತ. ಅಷ್ಟು ನಿಖರವಾಗಿ ಆಗಲ್ಲ. Lightroom ಇದ್ದರೆ Texture ಅನ್ನ ಮೈನಸ್ 25, 30ರ ಹತ್ತಿರ ಇಳಿಸಿ ನೋಡಿ, ಅದು ಮಧ್ಯಮ ಗಾತ್ರದ ವಿವರವನ್ನೇ ಹಿಡಿಯುತ್ತೆ. ಪಕ್ಕದ Clarity ಹೆಚ್ಚು ಇಳಿಸಬೇಡಿ, ಮುಖ ಮಂಜಾಗುತ್ತೆ. ಮುಂದೆ ತೆಗೆಯೋ ಫೋಟೋಗಳಿಗೆ, ನಿಮ್ಮ ಫೋನಲ್ಲಿ RAW ಇದ್ದರೆ ಅಪ್ಪ ಅಮ್ಮನ ಫೋಟೋಗಾದರೂ ಅದನ್ನ ಆನ್ ಮಾಡಿ. ಎಷ್ಟು ಶಾರ್ಪ್ ಮಾಡಬೇಕು ಅನ್ನೋ ತೀರ್ಮಾನ ಹೆಚ್ಚಾಗಿ ನಿಮ್ಮ ಕೈಯಲ್ಲಿ ಉಳಿಯುತ್ತೆ.

ಇನ್ನೊಬ್ಬರು ಕೇಳ್ತಿದ್ದಾರೆ, ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಒಂದು ದಿನ ಬಿಟ್ಟು ನೋಡಿ. ಚಿತ್ರವನ್ನ ಪ್ರಿಂಟಿನ ಅಳತೆಗೆ ಇಟ್ಟು ಒಂದು ಕೈ ದೂರದಿಂದ ನೋಡಿ. "ಚರ್ಮ ಚೆನ್ನಾಗಿದೆ" ಅಂತ ಚರ್ಮ ಮೊದಲು ಕಣ್ಣಿಗೆ ಬಿದ್ದರೆ ಹೆಚ್ಚು ಮಾಡಿದ್ದೀರಿ. ಫೋನು ಒರೆಸಿದ ವಿವರ ವಾಪಸ್ ಬರಲ್ಲ, ಅದು ಹೋಯ್ತು. ನಾವು ತೆಗೆಯೋದು ಅದು ಮೇಲಿಂದ ಬಳಿದದ್ದನ್ನ ಮಾತ್ರ. ಅಪ್ಪನ ಹಣೆಯ ಮೂರು ಗೆರೆ ಅವರದ್ದೇ. ಅದನ್ನ ನಾನು ಮುಟ್ಟಲಿಲ್ಲ.

ಪ್ರಿಂಟ್ ತಗೊಂಡು ಊರಿಗೆ ಹೋದೆ. ಅಮ್ಮ ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹಿಡಿದು ನೋಡಿದರು. ಫೋಟೋ ಬಗ್ಗೆ ಏನೂ ಹೇಳಲಿಲ್ಲ. "ಈ ಶಾಲು ಇನ್ನೂ ಪೆಟ್ಟಿಗೇಲಿದೆ ಕಣೋ, ನೀನು ತಗೊಂಡು ಹೋಗು" ಅಂದ್ರು. ಪುಣೆಯಲ್ಲಿ ಚಳಿ ಬಿದ್ದಾಗ ಈಗ ಅದನ್ನೇ ಹೊದ್ಕೊಳ್ತೀನಿ.