ಮನೆಗೆ ಯಾವಾಗ ಹೇಳುವುದು?

(ಹೊಸೂರಿನಲ್ಲಿ ದುಡಿಯುವ ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ರಾತ್ರಿ ಪಾಳಿ, ಹಾಸ್ಟೆಲಿನ ಊಟ ಇವುಗಳ ಮಾತು ನಮ್ಮ ಕೂಟದಲ್ಲಿ ಬೇಕಾದಷ್ಟು ಆಗಿದೆ. ಕೂಟ ಮುಗಿದ ಮೇಲೆ ನೀವು ಬಾಗಿಲ ಬಳಿ ನಮ್ಮನ್ನು ನಿಲ್ಲಿಸಿ ಮೆಲ್ಲಗೆ ಕೇಳುವ ವಿಷಯವೊಂದಿದೆ. ಇಂದು ಅದನ್ನೇ ಎತ್ತಿಕೊಂಡಿದ್ದೇವೆ. ಓದುತ್ತಲೋ ದುಡಿಯುತ್ತಲೋ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು ಅದನ್ನು ಮನೆಯವರಿಂದ ಮುಚ್ಚಿಟ್ಟಿದ್ದಾರೆ. ಹೀಗೆ ಎಷ್ಟು ದಿನ? ಹೇಳುವುದಾದರೆ ಯಾರಿಗೆ, ಯಾವಾಗ?

ಮುಚ್ಚಿಟ್ಟ ಮಾತ್ರಕ್ಕೆ ಅದು ವಂಚನೆ ಎಂದು ನಾವು ಹೇಳುವುದಿಲ್ಲ. ಪರಿಚಯವಾದ ಮೊದಲ ತಿಂಗಳುಗಳಲ್ಲಿ ಮನೆಗೆ ಹೇಳಲು ಏನೂ ಇರುವುದಿಲ್ಲ. ಆದರೆ ಇಬ್ಬರೂ ಸೇರಿ ಕಾಯುವ ಗುಟ್ಟು ಬೇರೆ, ಒಬ್ಬರು ಇನ್ನೊಬ್ಬರ ಮೇಲೆ ಹೇರುವ ಗುಟ್ಟು ಬೇರೆ. "ನಿನ್ನ ಗೆಳತಿಗೂ ಹೇಳಬೇಡ" ಎನ್ನುವವನು, ತನ್ನ ಊರು, ಮನೆ, ಸಂಬಳ ಯಾವುದನ್ನೂ ಸರಿಯಾಗಿ ತೋರಿಸದವನು, ಹಬ್ಬಕ್ಕೆ ಊರಿಗೆ ಹೋದರೆ ಫೋನು ಎತ್ತದವನು ಏನೋ ಮರೆಮಾಡುತ್ತಿದ್ದಾನೆ. ಊರಿನಲ್ಲಿ ಹೆಂಡತಿ ಇರುವುದು ಬಹಳ ತಡವಾಗಿ ತಿಳಿಯುವುದು ಇಂಥಲ್ಲಿಯೇ. ಫೋಟೋ ಇಟ್ಟುಕೊಂಡು "ನಿನ್ನ ಅಪ್ಪನಿಗೆ ಕಳಿಸುತ್ತೇನೆ" ಎಂದು ಹಣ ಕೀಳುವವರೂ ಇದ್ದಾರೆ. ಮನೆಯಲ್ಲಿ ಯಾರಿಗೂ ತಿಳಿದಿಲ್ಲ ಎಂಬುದೇ ಅವರ ಬಂಡವಾಳ. ಮನೆಯ ಒಬ್ಬರಿಗಾದರೂ ತಿಳಿದ ದಿನ ಆ ಬೆದರಿಕೆಯ ಹಲ್ಲು ಅರ್ಧ ಉದುರುತ್ತದೆ. ಹಾಗೆ ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡದೆ 1930ಕ್ಕೆ ಫೋನು ಮಾಡಿರಿ.

ಓದುತ್ತಿರುವವರಿಗೆ ಇನ್ನೊಂದು ಮಾತು. ಹುಡುಗಿಗೆ 18 ತುಂಬಿರದಿದ್ದರೆ ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹುಡುಗ ಅಪರಾಧಿಯಾಗುತ್ತಾನೆ. ಅವಳ ತಂದೆ ಒಂದು ದೂರು ಕೊಟ್ಟರೆ ಸಾಕು, ಪ್ರೀತಿಯ ಕತೆ ಜೈಲಿನ ಕತೆಯಾಗುತ್ತದೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಳವಾಡಿ ಕಡೆಯ ಹುಡುಗಿ, ವಯಸ್ಸು 22. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ, ಹಾಸ್ಟೆಲಿನಲ್ಲಿ ವಾಸ. ಮಡಕಶಿರಾ ಕಡೆಯ ಹುಡುಗ, ವಯಸ್ಸು 24, ಫಿಟ್ಟರ್. ಇಬ್ಬರ ಮನೆಮಾತೂ ಕನ್ನಡ. ಅವಳದು ಕ್ರೈಸ್ತ ಮನೆ, ಅವನದು ಹಿಂದೂ ಮನೆ. ಎರಡು ವರ್ಷದ ಪರಿಚಯ, ಮದುವೆಯಾಗಬೇಕೆಂದು ತೀರ್ಮಾನಿಸಿದ್ದಾರೆ. "ಮೊದಲು ರಿಜಿಸ್ಟರ್ ಮಾಡಿಸಿಬಿಡೋಣ, ಆಮೇಲೆ ಮನೆಗೆ ಹೇಳೋಣ" ಎನ್ನುತ್ತಾನೆ ಹುಡುಗ. ಬಹಳ ಮಂದಿಯ ಯೋಚನೆ ಇದೇ. ಇದು ಏಕೆ ನಡೆಯುವುದಿಲ್ಲ ಎಂಬುದನ್ನು ನೋಡಿರಿ.

ಧರ್ಮ ಬದಲಿಸದೆ ಮದುವೆಯಾಗಲು ಅವರಿಗೆ 1954ರ ವಿಶೇಷ ವಿವಾಹ ಕಾಯಿದೆಯಿದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು, ವಿವಾಹ ಅಧಿಕಾರಿಗೆ ಬರೆದು ನೋಟೀಸು ಕೊಡಬೇಕು. ಆ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಅಷ್ಟೇ ಅಲ್ಲ, ಖಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಪ್ರತಿಯೊಂದನ್ನು ಅಲ್ಲಿಗೂ ಕಳಿಸಿ ಅಲ್ಲಿಯೂ ಅಂಟಿಸಬೇಕೆಂದು ಕಾಯಿದೆ ಹೇಳುತ್ತದೆ. ಹೊಸೂರು ಕೃಷ್ಣಗಿರಿ ಜಿಲ್ಲೆ, ತಾಳವಾಡಿ ಈರೋಡು ಜಿಲ್ಲೆ. ಆಕೆಯ ಹೆಸರು ಅವಳ ಸ್ವಂತ ಜಿಲ್ಲೆಯ ಗೋಡೆಯ ಮೇಲೆ ಬರುತ್ತದೆ. ಮದುವೆಗೆ ಮೊದಲು ಇನ್ನೂ 30 ದಿನ ಕಾಯಬೇಕು. ಆ ದಿನಗಳಲ್ಲಿ ಊರಿನವನೊಬ್ಬ ಕಚೇರಿಗೆ ಹೋದರೆ ಸುದ್ದಿ ಸಂಜೆಗೆ ಮನೆ ಮುಟ್ಟುತ್ತದೆ. ದೇವಾಲಯದಲ್ಲಿ ಮದುವೆಯಾಗುತ್ತೇವೆಂದರೂ ಅಷ್ಟೇ. ನಮ್ಮ ಅನೇಕ ಸಭೆಗಳಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವ ಪದ್ಧತಿಯಿದೆ. ಅಂದರೆ ಗುಟ್ಟು ಹೇಗೂ ಹೊರಬೀಳುತ್ತದೆ. ನಿಮ್ಮ ಬಾಯಿಂದಲೋ ಬೇರೆಯವರ ಬಾಯಿಂದಲೋ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ. ತಂದೆತಾಯಿಗಳಿಗೆ ಪ್ರೀತಿಯ ಸುದ್ದಿಗಿಂತ, ಊರಿಗೆಲ್ಲ ತಿಳಿದ ಮೇಲೆ ತಮಗೆ ತಿಳಿಯಿತು ಎಂಬುದೇ ಹೆಚ್ಚು ಕಹಿಯಾಗುತ್ತದೆ.

ಇದೇ ಕಾಯಿದೆ ನಿಮಗೆ ಒಂದು ಬಲವನ್ನೂ ಕೊಡುತ್ತದೆ. ಆಕ್ಷೇಪಣೆ ಎತ್ತಬೇಕಾದರೆ ವಯಸ್ಸು ಸಾಲದು, ಮೊದಲೇ ಗಂಡನೋ ಹೆಂಡತಿಯೋ ಇದ್ದಾರೆ, ನಿಷಿದ್ಧ ರಕ್ತಸಂಬಂಧ ಎಂಬಂಥ ಕಾರಣಗಳಿರಬೇಕು. ತಂದೆತಾಯಿಗಳಿಗೆ ಇಷ್ಟವಿಲ್ಲ ಎಂಬುದು ಕಾರಣವಲ್ಲ. ಆದ್ದರಿಂದ ಹೇಳಿದರೆ ಮದುವೆಯೇ ನಿಂತುಹೋದೀತು ಎಂದು ಹೆದರಿ ಬಚ್ಚಿಡಬೇಕಾದ್ದಿಲ್ಲ.

ಹಾಗಾದರೆ ಯಾವಾಗ ಹೇಳಬೇಕು? ನಮ್ಮ ಲೆಕ್ಕದಲ್ಲಿ ಕೊನೆಯ ಗಡುವು ನೋಟೀಸಿನ ದಿನವಲ್ಲ, ಮನೆಯಲ್ಲಿ ಸಂಬಂಧ ನೋಡಲು ಹೊರಡುವ ದಿನ. ಫೋಟೋ ಮತ್ತೊಂದು ಮನೆಗೆ ಹೋದ ಮೇಲೆ ನಿಮ್ಮ ತಂದೆ ಅಲ್ಲಿ ಒಂದು ಮಾತು ಕೊಟ್ಟಿರುತ್ತಾರೆ. ಅನಂತರ ನೀವು ಒಲ್ಲೆ ಎಂದರೆ ಅವರು ನಿಮ್ಮ ಪ್ರೀತಿಗೆ ಉತ್ತರ ಕೊಡಲಾರರು, ತಮ್ಮ ಮಾತು ಉಳಿಸಿಕೊಳ್ಳಲು ಹೆಣಗುತ್ತಾರೆ. ಒಬ್ಬ ಬಡಪಾಯಿ ಹುಡುಗನೋ ಹುಡುಗಿಯೋ ಕಾರಣವಿಲ್ಲದೆ ಅವಮಾನಪಡುತ್ತಾರೆ. ತೀರಾ ಮುಂಚೆ ಹೇಳುವುದೂ ಸಲ್ಲದು. ಇಬ್ಬರೂ ಮದುವೆಯ ಮಾತಿಗೆ ಬಂದಿರಬೇಕು, ಇಬ್ಬರಿಗೂ ಸ್ವಂತ ದುಡಿಮೆ ಇರಬೇಕು. "ಎಲ್ಲಿ ಇರುತ್ತೀರಿ, ಹೇಗೆ ಬದುಕುತ್ತೀರಿ, ಮಕ್ಕಳ ಧರ್ಮ ಯಾವುದು" ಎಂಬ ಮೂರು ಪ್ರಶ್ನೆಗೆ ಇಬ್ಬರದೂ ಒಂದೇ ಉತ್ತರವಿರಬೇಕು. ಮನೆಯವರು ಕೇಳುವುದು ಈ ಮೂರನ್ನೇ.

ಹೇಳುವ ಕ್ರಮವೂ ಮುಖ್ಯ. ನಮ್ಮ ತಂಗಿ ಮೊದಲು ಅಕ್ಕನಿಗೋ ಚಿಕ್ಕಮ್ಮನಿಗೋ ಹೇಳಲಿ, ಆಮೇಲೆ ತಾಯಿಗೆ. ತಂದೆಗೆ ಹೇಳುವಾಗ ತಂದೆ ಗೌರವಿಸುವ ಸೋದರಮಾವನೋ ಸಭಾಪಾಲಕರೋ ಜೊತೆಗಿರಲಿ. ಹುಡುಗನೂ ಅದೇ ವಾರದಲ್ಲಿ ತನ್ನ ಮನೆಯಲ್ಲಿ ತಾನೇ ಹೇಳಲಿ. ಹಾಗೆ ಹೇಳದೆ ಮುಂದೂಡುತ್ತಲೇ ಹೋದರೆ ಮದುವೆಯ ವಿಷಯದಲ್ಲಿ ಅವನ ಮನಸ್ಸು ಗಟ್ಟಿಯಿಲ್ಲ ಎಂದು ತಿಳಿಯಿರಿ. ಹಬ್ಬದ ದಿನ, ಸಾವು ನೋವಿನ ದಿನ, ತಂದೆ ಕುಡಿದು ಬಂದ ರಾತ್ರಿ ಬೇಡ. ಹೇಳಿದ ಮೇಲೆ ಒಂದೆರಡು ತಿಂಗಳು ಅವರಿಗೂ ಸಮಯ ಕೊಡಿರಿ. ನೀವು ಎರಡು ವರ್ಷ ಯೋಚಿಸಿದ್ದನ್ನು ಅವರು ಒಂದೇ ರಾತ್ರಿಯಲ್ಲಿ ಒಪ್ಪಲಾರರು.

ಆದರೆ ಎಲ್ಲ ಮನೆಗಳೂ ಒಂದೇ ಅಲ್ಲ. ನಮ್ಮ ಹೊಸೂರು ಸೀಮೆಯಲ್ಲೇ ಜಾತಿ ಮೀರಿ ಗುಟ್ಟಾಗಿ ಮದುವೆಯಾದ ಜೋಡಿಯೊಂದನ್ನು 2018ರಲ್ಲಿ ಕೊಂದು ಕಾವೇರಿಗೆ ಎಸೆದರು. ಮನೆಯಲ್ಲಿ ಹಿಂದೆ ಇಂಥದಕ್ಕೆ ಕೈಮಾಡಿದ್ದಿದ್ದರೆ, ದಾಯಾದಿಗಳು "ಕಡಿಯುತ್ತೇವೆ" ಎಂದದ್ದಿದ್ದರೆ ಅದನ್ನು ಬರೀ ಬಾಯಿಮಾತು ಎನ್ನಬೇಡಿರಿ. ಅಂಥ ಮನೆಗೆ ಎದುರು ನಿಂತು ಹೇಳಬೇಕಾದ್ದಿಲ್ಲ. ಹಿರಿಯರೊಬ್ಬರ ಮೂಲಕ, ದೂರದಿಂದ ಹೇಳಿಸಿರಿ. ಅದಕ್ಕೆ ಮೊದಲು ಆಧಾರ್, ಶಾಲೆಯ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಬುಕ್ಕು ನಿಮ್ಮ ಬಳಿ ಇರಲಿ. ಸುದ್ದಿ ಮುಟ್ಟಿದ ಮೇಲೆ "ಅಜ್ಜಿಗೆ ಹುಷಾರಿಲ್ಲ, ಒಬ್ಬಳೇ ಬಾ" ಎಂದು ಫೋನು ಬಂದರೆ ಒಬ್ಬಳೇ ಹೋಗಬೇಡ ತಂಗಿ. ಪಕ್ಕದ ಮನೆಯವರನ್ನು ವಿಚಾರಿಸಿಕೊ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು, ಪ್ರತಿ ಜಿಲ್ಲೆಯಲ್ಲೂ ಅದಕ್ಕಾಗಿ ವಿಶೇಷ ಘಟಕ ಇರಬೇಕು ಎಂದು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಆದೇಶಿಸಿದೆ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಹೆಣ್ಣುಮಕ್ಕಳಿಗೆ 181ರ ಸಹಾಯವಾಣಿಯೂ ಇದೆ.

ಇಲ್ಲಿ ಕುಳಿತಿರುವ ಹಿರಿಯರಿಗೂ ಒಂದು ಮಾತು. ಮಕ್ಕಳು ನಿಮ್ಮ ಬಳಿ ಬಂದು ಹೇಳಿದರೆ, ಮೊದಲ ಪ್ರಶ್ನೆ "ಯಾವ ಜಾತಿ" ಎಂದಾಗದಿರಲಿ. "ಎಷ್ಟು ದಿನದಿಂದ ಒಬ್ಬಳೇ ಹೊತ್ತುಕೊಂಡಿದ್ದೆಯಮ್ಮಾ" ಎಂದು ಕೇಳಿರಿ. ಹಾಗೆ ಕೇಳುವವರು ಒಬ್ಬರಿದ್ದರೂ ಮುಂದಿನ ಮಾತನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.