ಮೀನೂಟದ ಚಿತ್ರದಲ್ಲಿ ಊರು ಹುಡುಕುವುದು



ಹಿಂಬದಿಯಲ್ಲಿ ಊರಿನ ಹೆಸರು ಬರೆಯದ ಹೋಟೆಲ್ ಚಿತ್ರ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ತಟ್ಟೆಯ ಮೇಲೆ ಹೋಗುತ್ತದೆ. ತಟ್ಟೆಯಲ್ಲಿ ಇಡ್ಲಿ, ವಡೆ, ಸಾಂಬಾರ್ ಇದ್ದರೆ ಊರು ಪತ್ತೆಯಾಗುವುದು ಕಷ್ಟ. ಉಡುಪಿ ಕಡೆಯ ಹೋಟೆಲಿನವರು ಅವನ್ನು ಮದ್ರಾಸು, ಮುಂಬಯಿ, ದಿಲ್ಲಿಗಳಿಗೆ ಒಯ್ದು ದಶಕಗಳೇ ಕಳೆದಿವೆ. ಪಶ್ಚಿಮ ಕರಾವಳಿಯ ಮೀನೂಟದ ಚಿತ್ರ ಮಾತ್ರ ಬಹಳಷ್ಟು ಹೇಳುತ್ತದೆ. ಇಂದು ಅದೊಂದನ್ನೇ ಹಿಡಿದು ಮಾತಾಡುತ್ತೇನೆ.

ಪರದೆಯ ಮೇಲಿರುವ ಬಣ್ಣದ ಚಿತ್ರ ನೋಡಿ. ಇಬ್ಬರು ಊಟಕ್ಕೆ ಕೂತಿದ್ದಾರೆ. ಒಬ್ಬರ ತಟ್ಟೆಯಲ್ಲಿ ದಪ್ಪ ಕಾಳಿನ, ಕೆಂಪು ಛಾಯೆಯ ಕುಚ್ಚಲಕ್ಕಿ ಅನ್ನ. ಇನ್ನೊಬ್ಬರ ಮುಂದೆ ಹಪ್ಪಳದ ಹಾಗೆ ಮುರಿದ ತೆಳು ಚೂರುಗಳು, ಅವುಗಳ ಮೇಲೆ ಕೆಂಪು ಸಾರು. ಅದು ಕೋರಿ ರೊಟ್ಟಿ: ಅಕ್ಕಿಯ ಗರಿಗರಿ ರೊಟ್ಟಿಯನ್ನು ಕೋಳಿ ಸಾರಿನಲ್ಲಿ ನೆನೆಸಿ ತಿನ್ನುವ ತುಳುನಾಡಿನ ಊಟ. ಇಷ್ಟು ಕಂಡ ಕೂಡಲೇ ನೋಡಿದವರೆಲ್ಲ ಮಂಗಳೂರು ಎನ್ನುತ್ತಾರೆ. ಅಷ್ಟು ಬೇಗ ತೀರ್ಮಾನಿಸಬೇಡಿ. ಕುಚ್ಚಲಕ್ಕಿ ಕೇರಳದಲ್ಲೂ ಗೋವೆಯಲ್ಲೂ ಉಂಟು. ಕೋರಿ ರೊಟ್ಟಿಯಿಂದ ಗೊತ್ತಾಗುವುದು ಅಡುಗೆಯವರ ಊರು ಮಾತ್ರ. ಹೋಟೆಲ್ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಅದಕ್ಕಾಗಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಮೀನಿನ ಹೆಸರುಗಳನ್ನು ಓದಬೇಕು. ಮೀನು ಒಂದೇ ಆದರೂ ತೀರದುದ್ದಕ್ಕೂ ಅದರ ಹೆಸರು ಬದಲಾಗುತ್ತ ಹೋಗುತ್ತದೆ. ಮಂಗಳೂರಿನ ಅಂಜಲ್ ಗೋವೆಯ ಕೊಂಕಣಿಯಲ್ಲಿ ಇಸ್ವಣ, ಮುಂಬಯಿಯಲ್ಲಿ ಸುರಮೈ, ಕೇರಳದಲ್ಲಿ ನೆಯ್‌ಮೀನ್ ಅಥವಾ ಅಯಕೂರ, ಚೆನ್ನೈಯಲ್ಲಿ ವಂಜರಂ. ನಮ್ಮ ಬಂಗುಡೆ ಕೊಂಕಣಿ, ಮರಾಠಿಗಳಲ್ಲಿ ಬಾಂಗಡಾ, ಮಲಯಾಳದಲ್ಲಿ ಅಯಲ. ತುಳುವರ ಮಾಂಜಿ ಮುಂಬಯಿಯಲ್ಲಿ ಪಾಪ್ಲೆಟ್. ಅಡುಗೆಯವರು ಮಸಾಲೆಯನ್ನು ಊರಿನಿಂದ ತರುತ್ತಾರೆ, ಮೀನನ್ನು ತರುವುದು ಹೋಟೆಲ್ ಇರುವ ಕಡೆಯ ಮಾರುಕಟ್ಟೆಯಿಂದ. ಗಿರಾಕಿ ಕೇಳುವ ಹೆಸರೂ ಅಲ್ಲಿಯದೇ. ಹಾಗಾಗಿ ಗಸ್ಸಿ, ಪುಳಿಮುಂಚಿ ಎಂಬ ಪದಗಳು ವಲಸೆಯಲ್ಲಿಯೂ ಉಳಿದುಕೊಳ್ಳುತ್ತವೆ, ಮೀನಿನ ಹೆಸರು ಹೊಸ ಊರಿನದಾಗುತ್ತದೆ.

ಈಗ ನಮ್ಮ ಚಿತ್ರದ ಪಟ್ಟಿ. ಗಾಜಿನ ಹೊಳಪು ಅರ್ಧವನ್ನು ಮುಚ್ಚಿದೆ. ಓದಲು ಸಿಗುವುದು ಸುರಮೈ ಫ್ರೈ, ಪಾಪ್ಲೆಟ್, ಚಿಕನ್ ಗಸ್ಸಿ, ನೀರ್ ದೋಸೆ, ಬೊಂಬಿಲ್ ಫ್ರೈ. ಗಸ್ಸಿ, ನೀರ್ ದೋಸೆಗಳು ಕೋರಿ ರೊಟ್ಟಿಯ ಜೊತೆಗೇ ನಿಲ್ಲುತ್ತವೆ. ಸುರಮೈ, ಪಾಪ್ಲೆಟ್‌ಗಳು ನಮ್ಮನ್ನು ಉತ್ತರಕ್ಕೆ ಎಳೆಯುತ್ತವೆ. ಬೊಂಬಿಲ್ ಇನ್ನೂ ಗಟ್ಟಿ ಸಾಕ್ಷಿ: ಅದು ಹೆಚ್ಚಾಗಿ ಸಿಗುವುದು ಮಹಾರಾಷ್ಟ್ರ, ಗುಜರಾತ್ ತೀರದಲ್ಲಿ. ಮೈಯೆಲ್ಲ ನೀರಾದ ಮೆತ್ತನೆಯ ಮೀನು ಅದು, ಬಲೆಯಿಂದ ಬಂದ ಮೇಲೆ ಬೇಗ ಕೆಡುತ್ತದೆ. ಹಸಿ ಬೊಂಬಿಲ್ ದಿನವೂ ಕರಿಯುವ ಹೋಟೆಲ್ ಆ ತೀರದ ಹತ್ತಿರದಲ್ಲೇ ಇರಬೇಕು. ಒಣಗಿಸಿದ್ದಾದರೆ ದೂರಕ್ಕೂ ಹೋಗುತ್ತದೆ; ಆದ್ದರಿಂದ ತಟ್ಟೆಯಲ್ಲಿರುವುದು ರವೆ ಹಚ್ಚಿ ಕರಿದ ಹಸಿ ಮೀನೇ ಎಂದು ನೋಡಿಕೊಳ್ಳಬೇಕು. ಈ ಚಿತ್ರದಲ್ಲಿ ಹಾಗೇ ಇದೆ. ಮೇಜಿನ ಅಂಚಿನ ಲೋಟದಲ್ಲಿರುವ ತಿಳಿಗುಲಾಬಿ ಪಾನೀಯ ಸೋಲ್ ಕಡಿ, ಕೋಕಂ ಮತ್ತು ತೆಂಗಿನ ಹಾಲಿನದು. ಅದೊಂದೇ ಇದ್ದಿದ್ದರೆ ಕಾರವಾರ, ಗೋವೆ, ಮಾಲವಣ ಯಾವುದೂ ಆಗಬಹುದಿತ್ತು. ಕೋರಿ ರೊಟ್ಟಿ, ಬೊಂಬಿಲ್, ಸೋಲ್ ಕಡಿ ಮೂರೂ ಒಂದೇ ಮೇಜಿಗೆ ಸಹಜವಾಗಿ ಬರುವ ಊರು ಮುಂಬಯಿ. ಅಲ್ಲಿ ತುಳುನಾಡಿನ ಶೆಟ್ಟರು ನಡೆಸುವ ಮೀನೂಟದ ಹೋಟೆಲುಗಳಲ್ಲಿ.

ಇಂಥ ಓದಿಗೆ ಮಿತಿಯೂ ಇದೆ. ಬೆಂಗಳೂರಿನ ಕರಾವಳಿ ಹೋಟೆಲುಗಳು ಅಂಜಲ್, ಕಾಣೆ ಎಂದೇ ಬರೆಯುತ್ತವೆ, ಏಕೆಂದರೆ ಅವುಗಳ ಗಿರಾಕಿಗಳಲ್ಲಿ ಕರಾವಳಿಯವರು ಬಹಳ. ಅಲ್ಲಿ ಇನ್ನೊಂದು ಸುಳಿವು ನೆರವಾಗುತ್ತದೆ: ತಿಂಡಿಯ ಹೆಸರಿಗೆ ಅಂಟಿದ ಊರು. ಬೆಂಗಳೂರಿನಲ್ಲಿ ಮಂಗಳೂರು ಬನ್ಸ್, ಮಂಗಳೂರು ಬಜ್ಜಿ ಎನ್ನುವುದನ್ನು ಮಂಗಳೂರಿನವರು ಬರಿದೆ ಬನ್ಸ್, ಗೋಳಿಬಜೆ ಎನ್ನುತ್ತಾರೆ. ಪಟ್ಟಿಯಲ್ಲಿ ಊರಿನ ಹೆಸರು ಕಂಡರೆ ಚಿತ್ರ ಆ ಊರಿನದಲ್ಲ ಎಂದೇ ಮೊದಲು ಅನುಮಾನಿಸಿ. ಇನ್ನು, ಪಟ್ಟಿಯಲ್ಲಿ ಒಂದು ಮೀನು ಇಲ್ಲದಿರುವುದನ್ನು ಸಾಕ್ಷಿಯಾಗಿ ಹಿಡಿಯಬಾರದು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಮಳೆಗಾಲದ ಪಟ್ಟಿ ಬಡವಾಗಿರುತ್ತದೆ.

ಈ ಚಿತ್ರಕ್ಕೆ ನಾನು ಬರೆಯುವ ಅಡಿಬರಹ: ‘ಬಹುಶಃ ಮುಂಬಯಿ, ತುಳುನಾಡಿನವರ ಹೋಟೆಲ್’. ‘ಬಹುಶಃ’ ಎಂಬುದನ್ನು ತೆಗೆಯಬೇಕಾದರೆ ಬಿಲ್ಲಿನ ಅಥವಾ ಪಟ್ಟಿಯ ಮೂಲೆಯಲ್ಲಿ ಪಿನ್ ಸಂಖ್ಯೆ ಸಿಗಬೇಕು. ಮುಂಬಯಿಯದು 400ರಿಂದ, ಮಂಗಳೂರಿನದು 575ರಿಂದ, ಕಾರವಾರದ್ದು 581ರಿಂದ ಶುರುವಾಗುತ್ತದೆ.