ತುರಿಸದ, ನೋಯದ ಮಚ್ಚೆ

ಚರ್ಮರೋಗದ ವೈದ್ಯನಾಗಿ ನಾನು ನಿಮ್ಮ ಮುಂದೆ ಒಂದೇ ವಿಷಯ ಇಡುತ್ತೇನೆ. ಮೈಮೇಲೆ ಒಂದು ಮಚ್ಚೆ ಇದೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ ಎಂದರೆ, ಅದನ್ನು ಮುಂದಿನ ರಜೆಯ ತನಕ ಇಟ್ಟುಕೊಳ್ಳಬೇಡಿ. ಯಾಕೆ ಎಂದು ಹೇಳುತ್ತೇನೆ.

ಚರ್ಮದ ತೊಂದರೆ ಎಂದರೆ ನಮಗೆ ಮೊದಲು ನೆನಪಾಗುವುದು ತುರಿಕೆ. ಹುಳುಕಡ್ಡಿ ರಾತ್ರಿ ನಿದ್ದೆ ಕೆಡಿಸುತ್ತದೆ, ಹಾಗಾಗಿ ನಾವು ಡಾಕ್ಟರ ಹತ್ತಿರ ಓಡುತ್ತೇವೆ. ಕುಷ್ಠರೋಗದ ಮಚ್ಚೆ ಹಾಗಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಿಳಿಚಾಗಿ ಅಥವಾ ತಾಮ್ರದ ಬಣ್ಣದಲ್ಲಿ ಇರುತ್ತದೆ. ತುರಿಸುವುದಿಲ್ಲ, ನೋಯುವುದಿಲ್ಲ. ಕೆಲವೊಮ್ಮೆ ಅಲ್ಲಿ ಬೆವರು ಬರುವುದಿಲ್ಲ, ಕೂದಲು ಕಡಿಮೆಯಾಗುತ್ತದೆ. ಯಾವ ತೊಂದರೆಯೂ ಕೊಡದ ಕಾರಣಕ್ಕೇ ಜನ ಅದನ್ನು ಸುಮ್ಮನೆ ಬಿಡುತ್ತಾರೆ. ಆದರೆ ಅದು ನೋಯದಿರುವುದು ರೋಗ ಸೌಮ್ಯವಾಗಿದೆ ಎಂದಲ್ಲ. ನೋವನ್ನು ತಿಳಿಸಬೇಕಾದ ನರವೇ ಅಲ್ಲಿ ಸೊರಗುತ್ತಿದೆ ಎಂದು ಅರ್ಥ.

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. ಕರಾವಳಿಯವರು, ಕೊಲ್ಲಿಯ ಒಂದು ಊರಿನ ಹೋಟೆಲಿನಲ್ಲಿ ಅಡುಗೆ ಕೆಲಸ. ಎಡ ಮುಂಗೈಯಲ್ಲಿ ಒಂದು ಮಚ್ಚೆ ಬಂತು. ರೂಮಿನ ಗೆಳೆಯರು ಹುಳುಕಡ್ಡಿ ಎಂದರು. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದು ಏಳು ತಿಂಗಳು ಹಚ್ಚಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು, ಹಾಗಾಗಿ ಮಚ್ಚೆಯ ಅಂಚು ಸ್ವಲ್ಪ ಮಸುಕಾಯಿತು, ಅವರು ಗುಣವಾಗುತ್ತಿದೆ ಎಂದುಕೊಂಡರು. ಆಮೇಲೆ ಅದೇ ಕೈಯ ಕಿರುಬೆರಳು ಜೋಮು ಹಿಡಿದಂತಾಯಿತು. ಒಂದು ದಿನ ಬಾಣಲೆಯ ಅಂಚು ತಗುಲಿ ಬೊಬ್ಬೆ ಎದ್ದದ್ದು ಅವರಿಗೆ ಗೊತ್ತಾದದ್ದು, ಪಕ್ಕದವರು ತೋರಿಸಿದ ಮೇಲೆ. ಅದಾಗಿ ಎರಡು ತಿಂಗಳಿಗೆ ರಜೆಗೆ ಊರಿಗೆ ಬಂದಾಗ ನನ್ನಲ್ಲಿಗೆ ಬಂದರು.

ಅವರು ತೋರಿಸಿದ್ದು ಒಂದೇ ಮಚ್ಚೆ. ಅಂಗಿ ಬಿಚ್ಚಿಸಿ ಒಳ್ಳೆಯ ಬೆಳಕಿನಲ್ಲಿ ನೋಡಿದಾಗ ಬೆನ್ನಿನಲ್ಲಿ, ಸೊಂಟದಲ್ಲಿ ಸೇರಿ ಒಟ್ಟು ಆರು ಇದ್ದವು. ನಮ್ಮ ಬೆನ್ನು ನಮಗೆ ಕಾಣುವುದಿಲ್ಲವಲ್ಲ. ಆಮೇಲೆ ಹತ್ತಿಯ ಪರೀಕ್ಷೆ. ಸ್ವಲ್ಪ ಹತ್ತಿಯನ್ನು ತುದಿ ಚೂಪಾಗಿ ಹೊಸೆದು, ಮೊದಲು ಅವರ ಕಣ್ಣೆದುರೇ ಸರಿಯಿರುವ ಚರ್ಮಕ್ಕೆ ಮುಟ್ಟಿಸಿ, ಹೇಗೆ ಅನಿಸುತ್ತದೆ ಎಂದು ತಿಳಿಸಿದೆ. ನಂತರ ಕಣ್ಣು ಮುಚ್ಚಿಸಿ, ಎಲ್ಲಿ ಮುಟ್ಟಿದೆನೋ ಅಲ್ಲಿ ಬೆರಳಿಡಿ ಎಂದೆ. ಉಜ್ಜಬಾರದು, ಮುಟ್ಟಿ ತೆಗೆಯಬೇಕು. ಮಚ್ಚೆಯ ಹೊರಗೆ ಪ್ರತಿ ಸಲವೂ ಸರಿಯಾಗಿ ತೋರಿಸಿದರು. ಮಚ್ಚೆಯ ಒಳಗೆ ಮುಟ್ಟಿದಾಗ ಸುಮ್ಮನೆ ಕೂತಿದ್ದರು.

ಮೂರನೆಯದು ನರ. ಮೊಣಕೈಯ ಒಳಬದಿಯಲ್ಲಿ, ಬಡಿದರೆ ಕರೆಂಟು ಹೊಡೆದಂತಾಗುವ ಜಾಗವಿದೆಯಲ್ಲ, ಅಲ್ಲಿ ಹಾದುಹೋಗುವ ನರ ಚರ್ಮಕ್ಕೆ ಬಹಳ ಹತ್ತಿರ ಇರುತ್ತದೆ. ಕುಷ್ಠದ ಬ್ಯಾಕ್ಟೀರಿಯಕ್ಕೆ ದೇಹದ ತಂಪು ಜಾಗಗಳೇ ಇಷ್ಟ, ಆದ್ದರಿಂದ ಇಂಥ ನರಗಳಿಗೇ ಮೊದಲು ಪೆಟ್ಟು. ಅವರ ಎಡಗೈಯ ನರ ಬಲಗೈಯದಕ್ಕಿಂತ ದಪ್ಪವಾಗಿ ಹಗ್ಗದಂತೆ ಕೈಗೆ ಸಿಗುತ್ತಿತ್ತು. ಕಿರುಬೆರಳನ್ನು ಹೊರಕ್ಕೆ ಚಾಚಿ ಹಿಡಿಯುವ ಬಲವೂ ಕುಗ್ಗಿತ್ತು.

ಕಿವಿಯ ಹಾಲೆಯಿಂದಲೂ ಮಚ್ಚೆಯಿಂದಲೂ ಸಣ್ಣ ಗೀರು ಹಾಕಿ ತೆಗೆದ ದ್ರವದಲ್ಲಿ ಬ್ಯಾಕ್ಟೀರಿಯ ಕಾಣಲಿಲ್ಲ. ಇಲ್ಲಿಗೆ ನಿಲ್ಲಿಸುವಂತಿಲ್ಲ. ಸ್ಪರ್ಶವಿಲ್ಲದ ಮಚ್ಚೆ ಇರುವ ಅನೇಕರಲ್ಲಿ ಈ ಪರೀಕ್ಷೆ ನೆಗೆಟಿವ್ ಬರುತ್ತದೆ, ಅದರಿಂದ ರೋಗವಿಲ್ಲ ಎಂದಾಗುವುದಿಲ್ಲ. ಮಚ್ಚೆಯ ಅಂಚಿನಿಂದ ಚರ್ಮದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆವು. ನರದ ಸುತ್ತಲಿನ ಉರಿಯೂತ ಅಲ್ಲಿ ಸ್ಪಷ್ಟವಾಗಿತ್ತು.

ಮಚ್ಚೆಗಳು ಐದಕ್ಕಿಂತ ಹೆಚ್ಚಿದ್ದುದರಿಂದ ಹನ್ನೆರಡು ತಿಂಗಳ ಬಹುಔಷಧ ಚಿಕಿತ್ಸೆ: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್. ಕಡಿಮೆ ಮಚ್ಚೆಯವರಿಗೆ ಆರು ತಿಂಗಳು ಸಾಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮೂತ್ರ ಕೆಂಪಾಗುವುದು, ಚರ್ಮ ಸ್ವಲ್ಪ ಕಪ್ಪಾಗುವುದು ಮಾತ್ರೆಯಿಂದ ಆಗುವಂಥದ್ದು, ಅದಕ್ಕೆ ಹೆದರಿ ಬಿಡಬಾರದು. ನರದ ಉರಿಯೂತಕ್ಕೆ ಬೇರೆಯಾಗಿ ಪ್ರೆಡ್ನಿಸೋಲೋನ್ ಮಾತ್ರೆ ಶುರುಮಾಡಿ, ಪ್ರಮಾಣವನ್ನು ಹಂತಹಂತವಾಗಿ ಇಳಿಸಿದೆವು.

ಈಗ ಕಾಲದ ಲೆಕ್ಕ ನೋಡಿ. ಬಹುಔಷಧ ಚಿಕಿತ್ಸೆ ಬ್ಯಾಕ್ಟೀರಿಯವನ್ನು ಯಾವಾಗ ಕೊಟ್ಟರೂ ಕೊಲ್ಲುತ್ತದೆ. ಸತ್ತ ನರವನ್ನು ಅದು ಎಬ್ಬಿಸುವುದಿಲ್ಲ. ನರದ ಬಲ ಅಥವಾ ಸ್ಪರ್ಶ ಹೋಗಿ ಆರು ತಿಂಗಳೊಳಗಿದ್ದರೆ ಪ್ರೆಡ್ನಿಸೋಲೋನಿನಿಂದ ಮರಳಿ ಬರುವ ಅವಕಾಶ ಚೆನ್ನಾಗಿರುತ್ತದೆ, ಅದು ದಾಟಿದಷ್ಟೂ ಕಡಿಮೆ. ಇವರ ಬೆರಳಿನ ಬಲ ಇತ್ತೀಚೆಗೆ ಕುಗ್ಗಿದ್ದು, ಮರಳಿ ಬಂತು. ಮುಂಗೈ ಮಚ್ಚೆಯಲ್ಲಿ ಮೊದಲೇ ಹೋಗಿದ್ದ ಸ್ಪರ್ಶ ಪೂರ್ತಿ ಬರಲಿಲ್ಲ. ಇನ್ನೊಂದು ವರ್ಷ ತಡವಾಗಿದ್ದರೆ ಬೆರಳುಗಳು ಮಡಚಿಕೊಂಡು ಸೌಟು ಹಿಡಿಯುವುದೇ ಕಷ್ಟವಾಗುತ್ತಿತ್ತು.

ಎರಡು ಎಚ್ಚರಿಕೆ. ಹತ್ತಿಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು, ಆದರೆ ಸ್ಪರ್ಶ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು. ಕಿವಿಯ ಹಾಲೆ ದಪ್ಪಗಾಗುವ, ಗಂಟುಗಳಾಗುವ ಬಗೆಯಲ್ಲಿ ಜೋಮುಗಟ್ಟಿದ ಮಚ್ಚೆಯೇ ಇರದಿರಬಹುದು. ಹಾಗೆಯೇ ಮಚ್ಚೆಯಿಲ್ಲದೆ ಎರಡೂ ಪಾದ ಜೋಮು ಹಿಡಿಯುವುದಕ್ಕೆ ಸಕ್ಕರೆ ಕಾಯಿಲೆ ಹೆಚ್ಚು ಸಾಮಾನ್ಯ ಕಾರಣ. ತೀರ್ಮಾನ ವೈದ್ಯರದ್ದಾಗಲಿ.

ಇಲ್ಲಿ ಹಲವರು ಕೇಳುವ ಪ್ರಶ್ನೆ: ವೀಸಾ ಮೆಡಿಕಲ್ ಪಾಸಾಗಿದೆಯಲ್ಲ ಡಾಕ್ಟ್ರೇ? ಕೊಲ್ಲಿ ದೇಶಗಳ ವೀಸಾ ತಪಾಸಣೆಯ ಪಟ್ಟಿಯಲ್ಲಿ ಕುಷ್ಠ ಇದೆ, ನಿಜ. ಆದರೆ ಈ ಬ್ಯಾಕ್ಟೀರಿಯ ಬಹಳ ನಿಧಾನವಾಗಿ ಬೆಳೆಯುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಬರುವಾಗ ಇಲ್ಲದ ಮಚ್ಚೆ ಬಂದ ಮೇಲೆ ಕಾಣಬಹುದು.

ಕೆಲಸ ಹೋದೀತು ಎಂಬ ಭಯ ನನಗೆ ಅರ್ಥವಾಗುತ್ತದೆ. ನಿಯಮ ದೇಶದಿಂದ ದೇಶಕ್ಕೆ ಬೇರೆ, ಏನೂ ಆಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಮುಚ್ಚಿಟ್ಟರೆ ಹೋಗುವುದು ಕೈಯೇ, ಕೈ ಹೋದ ಮೇಲೆ ಕೆಲಸವೂ ಉಳಿಯದು. ಊರಿಗೆ ಹೋಗುವುದು ಕೆಲವೇ ವಾರದಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಿ. ತಿಂಗಳುಗಟ್ಟಲೆ ದೂರವಿದ್ದರೆ, ಅಥವಾ ಬೆರಳು ಜೋಮು, ಪಾದ ಎಳೆಯುವುದು, ಕಣ್ಣು ಮುಚ್ಚಲಾಗದಿರುವುದು ಶುರುವಾಗಿದ್ದರೆ ಇರುವ ಊರಲ್ಲೇ ಈ ವಾರವೇ ತೋರಿಸಿ. ಕಣ್ಣಿನದಾದರೆ ಅದೇ ದಿನ.

ಈ ರೋಗ ಅಪರೂಪವಾಗಿರುವ ದೇಶದ ವೈದ್ಯರಿಗೆ ಅದು ತಕ್ಷಣ ಹೊಳೆಯದಿರಬಹುದು. ನೀವೇ ಹೇಳಿ: ನಾನು ಇಂಡಿಯಾದಲ್ಲಿ ಬೆಳೆದವನು, ಈ ಮಚ್ಚೆಯಲ್ಲಿ ಸ್ಪರ್ಶವಿಲ್ಲ, ಲೆಪ್ರಸಿ ಇದೆಯೇ ನೋಡಿ. ಹಚ್ಚಿದ ಟ್ಯೂಬನ್ನೂ ಒಯ್ಯಿರಿ.

ರೂಮಿನ ಗೆಳೆಯರಿಗೆ ಇದೊಂದು ಮಾತು. ಹೆಚ್ಚಿನ ಜನರ ದೇಹಕ್ಕೆ ಈ ಬ್ಯಾಕ್ಟೀರಿಯವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಕೈ ಕುಲುಕಿದರೆ, ಜೊತೆಗೆ ಉಂಡರೆ ಇದು ಹರಡುವುದಿಲ್ಲ. ದೀರ್ಘಕಾಲದ ಹತ್ತಿರದ ಒಡನಾಟ ಬೇಕು. ಚಿಕಿತ್ಸೆ ಶುರುವಾದ ಮೇಲೆ ಅವರಿಂದ ಇನ್ನೊಬ್ಬರಿಗೆ ಹರಡುವುದೂ ಬೇಗನೆ ನಿಲ್ಲುತ್ತದೆ. ಅವರ ಹಾಸಿಗೆ ಹೊರಗೆ ಹಾಕಬೇಡಿ. ಒಂದೇ ರೂಮಿನಲ್ಲಿ ಇದ್ದವರೆಲ್ಲ ಒಮ್ಮೆ ಚರ್ಮ ತೋರಿಸಿಕೊಳ್ಳಿ. ಇಂದು ರಾತ್ರಿಯೇ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿ ಹೇಳಿದರೂ ಒಂದು ಕೆಲಸ ಆದಂತೆ.